ಕರುಳು ಎದೆಗೇರಿದಾಗ

ಐದನೇ ತಿಂಗಳ ಅನಾಮಲಿ ಸ್ಕ್ಯಾನ್‌ನಲ್ಲಿ ಮಗುವಿನ ಹೃದಯ ಬಲಕ್ಕೆ ಸರಿದಿರುತ್ತದೆ. ಅದರ ಪಕ್ಕದಲ್ಲೇ ಕಪ್ಪಗೆ, ದುಂಡಗೆ ಒಂದು ಚೀಲ ಕಾಣಿಸುತ್ತದೆ. ಅದು ನೀರು ತುಂಬಿದ ಜಠರ. ಹೊಟ್ಟೆಯಲ್ಲಿರಬೇಕಾದದ್ದು ಎದೆಗೆ ಬಂದಿದೆ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆಯಲ್ಲಿ ಹುಟ್ಟುವ ಮೊದಲೇ ತೂತು ಉಳಿದುಬಿಡುವ ಈ ತೊಂದರೆಗೆ ಜನ್ಮಜಾತ ವಪೆಯ ಹರ್ನಿಯಾ ಎನ್ನುತ್ತಾರೆ. ಸುಮಾರು 2500ರಿಂದ 3000 ಶಿಶುಗಳಲ್ಲಿ ಒಂದಕ್ಕೆ ಇದು ಬರುತ್ತದೆ, ಹೆಚ್ಚಿನವರಲ್ಲಿ ಎಡಭಾಗದಲ್ಲಿ.

ಸ್ಕ್ಯಾನ್ ನೋಡಿದ ತಂದೆತಾಯಿ ಸಹಜವಾಗಿಯೇ ತೂತಿನ ಬಗ್ಗೆ ಕೇಳುತ್ತಾರೆ: ಹುಟ್ಟಿದ ಕೂಡಲೇ ಹೊಲಿದುಬಿಡಬಹುದಲ್ಲವೇ? ಹೊಲಿಯಬಹುದು. ಆದರೆ ಮಗುವಿನ ಉಸಿರಿಗೆ ಅಡ್ಡಿಯಾಗುವುದು ತೂತಿಗಿಂತ ಹೆಚ್ಚಾಗಿ ಬೆಳೆಯದೆ ಉಳಿದ ಶ್ವಾಸಕೋಶ. ಹಿಂದೆ ಶಸ್ತ್ರಚಿಕಿತ್ಸಕರು ಮಗು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕರುಳನ್ನು ಕೆಳಗಿಳಿಸಿ ತೂತು ಮುಚ್ಚುತ್ತಿದ್ದರು. ಜಾಗ ಸಿಕ್ಕಿದರೂ ಎಷ್ಟೋ ಮಕ್ಕಳು ಉಸಿರಾಡಲಾಗದೆ ತೀರಿಕೊಳ್ಳುತ್ತಿದ್ದವು. ಈಗ ಮೊದಲು ಉಸಿರಾಟ, ರಕ್ತಸಂಚಾರ ಹದಕ್ಕೆ ಬರಲೆಂದು ಕಾಯುತ್ತಾರೆ, ಹೊಲಿಗೆ ಆಮೇಲೆ.

ಶ್ವಾಸಕೋಶ ಯಾಕೆ ಬೆಳೆಯಲಿಲ್ಲ ಎಂಬುದಕ್ಕೆ ಉತ್ತರ ಗರ್ಭದ ಕಾಲಗಣನೆಯಲ್ಲಿದೆ. ಭ್ರೂಣದ ಕರುಳು ಬೇಗ ಬೇಗ ಉದ್ದವಾಗುವುದರಿಂದ ಕೆಲವು ವಾರ ಹೊಟ್ಟೆಯಲ್ಲಿ ಹಿಡಿಸದೆ ಹೊಕ್ಕುಳಬಳ್ಳಿಯೊಳಗೆ ಇರುತ್ತದೆ. ಸುಮಾರು ಹತ್ತನೇ ವಾರದಲ್ಲಿ ಮರಳಿ ಒಳಗೆ ಬರುತ್ತದೆ. ಅಷ್ಟರಲ್ಲಿ ವಪೆ ಮುಚ್ಚಿಕೊಂಡಿರಬೇಕು. ಹಿಂಬದಿಯ ಮೂಲೆ ತೆರೆದೇ ಉಳಿದಿದ್ದರೆ ಕರುಳು, ಜಠರ, ಕೆಲವೊಮ್ಮೆ ಪಿತ್ತಜನಕಾಂಗದ ಒಂದು ಭಾಗವೂ ಎದೆಗೆ ನುಗ್ಗುತ್ತವೆ.

ಅದೇ ವಾರಗಳಲ್ಲಿ ಶ್ವಾಸಕೋಶದ ನಾಳಗಳು ಮರದ ಹಾಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಕವಲೊಡೆಯುತ್ತಿರುತ್ತವೆ. ಈ ಕವಲೊಡೆಯುವಿಕೆ ಸುಮಾರು ಹದಿನಾರನೇ ವಾರದ ಹೊತ್ತಿಗೆ ಬಹುಮಟ್ಟಿಗೆ ಮುಗಿಯುತ್ತದೆ. ಗಾಳಿಗೂಡುಗಳು ಹುಟ್ಟಿದ ಮೇಲೂ ವರ್ಷಗಟ್ಟಲೆ ಹೆಚ್ಚುತ್ತವೆ, ಆದರೆ ಅವು ಹುಟ್ಟಬೇಕಾದ ಕವಲೇ ಇಲ್ಲದಿದ್ದರೆ ಹೊಸ ಕವಲು ಮತ್ತೆ ಬಾರದು. ಅಂದರೆ ಸ್ಕ್ಯಾನ್ ತೊಂದರೆಯನ್ನು ತೋರಿಸುವ ಹೊತ್ತಿಗೆ ದೊಡ್ಡ ನಷ್ಟ ಆಗಿಹೋಗಿರುತ್ತದೆ. ರಕ್ತನಾಳಗಳು ಗಾಳಿಯ ನಾಳಗಳ ಜೊತೆಜೊತೆಗೇ ಕವಲೊಡೆಯುತ್ತವೆ, ಹಾಗಾಗಿ ಅವೂ ಕಡಿಮೆ. ಇದ್ದವುಗಳ ಗೋಡೆಯೂ ದಪ್ಪ. ಹುಟ್ಟಿದ ಮೇಲೆ ಅವು ಸಡಿಲಗೊಳ್ಳದೆ ಶ್ವಾಸಕೋಶದ ರಕ್ತದೊತ್ತಡ ಏರಿಯೇ ಇರುವುದು ಎಷ್ಟೋ ಮಕ್ಕಳ ಪಾಲಿಗೆ ದೊಡ್ಡ ಅಪಾಯ. ಹೃದಯ ಪಕ್ಕಕ್ಕೆ ಒತ್ತಲ್ಪಡುವುದರಿಂದ ತೂತಿಲ್ಲದ ಬದಿಯ ಶ್ವಾಸಕೋಶವೂ ಕುಗ್ಗುತ್ತದೆ.

ಒತ್ತಡವೊಂದೇ ಸಾಕೇ? 1980ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೈಕಲ್ ಹ್ಯಾರಿಸನ್ ತಂಡ ಇದನ್ನು ಕುರಿಗಳಲ್ಲಿ ಪರೀಕ್ಷಿಸಿತು. ಗರ್ಭದಲ್ಲಿದ್ದ ಕುರಿಮರಿಯ ಎದೆಯೊಳಗೆ ಬಲೂನ್ ಇಟ್ಟು ಹಿಗ್ಗಿಸಿದರು. ವಪೆಗೆ ಏನೂ ಆಗಿರಲಿಲ್ಲ. ಆದರೂ ಶ್ವಾಸಕೋಶ ಬೆಳೆಯದೆ ಮರಿಗಳು ಹುಟ್ಟಿದಾಗ ಉಸಿರಾಡಲಾರದೆ ಸತ್ತವು. ಗರ್ಭದಲ್ಲೇ ಬಲೂನಿನ ಒತ್ತಡ ತೆಗೆದಾಗ ಶ್ವಾಸಕೋಶ ಚೇತರಿಸಿಕೊಂಡಿತು. ಆದರೆ ಕಥೆ ಇಷ್ಟೇ ಅಲ್ಲ. ನೈಟ್ರೋಫೆನ್ ಎಂಬ ಕಳೆನಾಶಕ ಕೊಟ್ಟ ಗರ್ಭಿಣಿ ಇಲಿಗಳ ಭ್ರೂಣಗಳಲ್ಲಿ, ಕರುಳು ಮೇಲೇರುವ ಮೊದಲೇ ಎರಡೂ ಶ್ವಾಸಕೋಶಗಳು ಚಿಕ್ಕವಾಗಿದ್ದವು. ಮೊದಲು ಬೆಳವಣಿಗೆಯಲ್ಲೇ ಒಂದು ಪೆಟ್ಟು, ಬಳಿಕ ಒತ್ತಡದಿಂದ ಇನ್ನೊಂದು ಎಂದು ಈಗ ಬಹಳಷ್ಟು ಸಂಶೋಧಕರು ನಂಬುತ್ತಾರೆ. ನನಗೂ ಇದೇ ಹೆಚ್ಚು ಸರಿಯೆನಿಸುತ್ತದೆ. ಒತ್ತಡ ತೆಗೆದರೂ ಮಕ್ಕಳು ಪೂರ್ತಿ ಸರಿಹೋಗದಿರುವುದಕ್ಕೆ ಇದರಲ್ಲಿ ಕಾರಣವಿದೆ.

ಒತ್ತಡದ ಪಾಲನ್ನಾದರೂ ಗರ್ಭದಲ್ಲೇ ತಗ್ಗಿಸಲು ಒಂದು ದಾರಿಯಿದೆ. ಭ್ರೂಣದ ಶ್ವಾಸಕೋಶ ತಾನೇ ನೀರು ಸುರಿಸುತ್ತದೆ, ಆ ನೀರು ಒಳಗಿನಿಂದ ಹಿಗ್ಗಿಸಿದಷ್ಟೂ ಅಂಗಾಂಶ ಬೆಳೆಯುತ್ತದೆ. ಶ್ವಾಸನಾಳ ಮುಚ್ಚಿದರೆ ನೀರು ಹೊರಹೋಗದೆ ಶ್ವಾಸಕೋಶ ಉಬ್ಬುತ್ತದೆ. ಮೊದಲು ಅಳತೆ: ಎಡಗಡೆ ತೂತಿರುವ ಮಗುವಿನ ಬಲ ಶ್ವಾಸಕೋಶವನ್ನು ಸ್ಕ್ಯಾನ್‌ನಲ್ಲಿ ಅಳೆದು, ಆ ವಾರಕ್ಕೆ ಇರಬೇಕಾದ ಗಾತ್ರದ ಜೊತೆ ಹೋಲಿಸುತ್ತಾರೆ. ಕಾಲು ಭಾಗಕ್ಕಿಂತ ಕಡಿಮೆಯಿದ್ದರೆ ತೀವ್ರ. ಅಂಥ ಮಗುವಿಗೆ 27ರಿಂದ 29ನೇ ವಾರದಲ್ಲಿ, ತಾಯಿಯ ಹೊಟ್ಟೆಯ ಮೂಲಕ ಸಣ್ಣ ಅಂತರ್ದರ್ಶಕ ಕೊಳವೆ ತೂರಿಸಿ, ಶ್ವಾಸನಾಳದೊಳಗೆ ಪುಟ್ಟ ಬಲೂನ್ ಇಡುತ್ತಾರೆ. 34ನೇ ವಾರದಲ್ಲಿ ತೆಗೆಯುತ್ತಾರೆ. ಬೆಲ್ಜಿಯಂನ ಯಾನ್ ಡೆಪ್ರೆಸ್ಟ್ ಮುಂದಾಳತ್ವದಲ್ಲಿ ಹಲವು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೀವ್ರ ಪ್ರಕರಣಗಳಲ್ಲಿ ಬಲೂನ್ ಇಟ್ಟವರಲ್ಲಿ ನೂರಕ್ಕೆ 40 ಮಕ್ಕಳು ಮನೆಗೆ ಹೋದರು, ಇಡದವರಲ್ಲಿ 15. ಮಧ್ಯಮ ತೀವ್ರತೆಯವರಲ್ಲಿ ಸ್ಪಷ್ಟ ಲಾಭ ಸಾಬೀತಾಗಲಿಲ್ಲ.

ಬೆಲೆಯೂ ಇದೆ. ನೀರಿನ ಚೀಲ ಬೇಗ ಒಡೆದು ಅವಧಿಗೆ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚುತ್ತದೆ. ಬಲೂನ್ ಇರುವಾಗಲೇ ಹೆರಿಗೆನೋವು ಬಂದರೆ ಮಗುವಿನ ಶ್ವಾಸನಾಳ ಮುಚ್ಚಿದಂತೆಯೇ ಇರುತ್ತದೆ. ಹಾಗಾಗಿ ಆ ವಾರಗಳಲ್ಲಿ ತಾಯಿ, ಯಾವ ಹೊತ್ತಿನಲ್ಲೂ ಬಲೂನ್ ತೆಗೆಯಬಲ್ಲ ತಂಡವಿರುವ ಆಸ್ಪತ್ರೆಯ ಹತ್ತಿರವೇ ಉಳಿಯಬೇಕಾಗುತ್ತದೆ.