ಕೋಟಿ ಸಾಲುಗಳ ಪಟ್ಟಿಯಲ್ಲಿ ಪುಟ ತಿರುಗಿಸುವ ಬಗೆ

ಮಸಿನಗುಡಿಯ ಕಾಡಂಚಿನಲ್ಲಿ ಕಂಡ ಹಕ್ಕಿ, ಚಿಟ್ಟೆ, ಗಿಡಗಳ ಚಿತ್ರಗಳನ್ನು ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಸೇರಿಸುವವರು ನಮ್ಮ ಓದುಗರಲ್ಲಿಯೂ ಇರಬಹುದು. 2008ರಲ್ಲಿ ಆರಂಭವಾದ ಈ ತಾಣದಲ್ಲಿ ಈಗ ಇಪ್ಪತ್ತು ಕೋಟಿಗೂ ಮಿಕ್ಕ ದಾಖಲೆಗಳಿವೆ. ಇಷ್ಟು ದೊಡ್ಡ ಕೋಷ್ಟಕವನ್ನು ಪುಟಪುಟವಾಗಿ ತೋರಿಸುವುದು ಹೇಗೆ?

ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೆಂದರೆ ಎಣಿಕೆ. ಪುಟಕ್ಕೆ 20 ಸಾಲುಗಳಾದರೆ, 50,000ನೆಯ ಪುಟಕ್ಕಾಗಿ ಗಣಕವು ಮೊದಲ 9,99,980 ಸಾಲುಗಳನ್ನು ದಾಟಿ ಮುಂದಿನ 20ನ್ನು ಕೊಡಬೇಕು. ಹೀಗೆ ದಾಟುವುದಕ್ಕೆ `OFFSET` ಎಂದು ಹೆಸರು. ದಾಟುವುದೆಂದರೆ ಹಾರುವುದಲ್ಲ, ಅಷ್ಟನ್ನೂ ಒಂದೊಂದಾಗಿ ಎಣಿಸಿ ಬಿಸುಡುವುದು. ಆದುದರಿಂದಲೇ ಮೊದಲ ಪುಟ ಕ್ಷಣದಲ್ಲಿ ಬರುತ್ತದೆ, ಆಳದ ಪುಟ ತಡವರಿಸುತ್ತದೆ.

ಇನ್ನೊಂದು ದೋಷ ಕಣ್ಣಿಗೆ ಬೀಳುವುದು ಕಷ್ಟ. ನಾವು ಮೊದಲ ಪುಟವನ್ನು ನೋಡುತ್ತಿರುವಾಗ ಮೂವರು ಹೊಸ ಚಿತ್ರಗಳನ್ನು ಸೇರಿಸಿದರೆನ್ನೋಣ. ಪಟ್ಟಿ ಮೂರು ಸಾಲು ಕೆಳಗಿಳಿದು, ಎರಡನೆಯ ಪುಟದ ಆರಂಭದಲ್ಲಿ ಆಗಲೇ ನೋಡಿದ ಮೂರು ಸಾಲುಗಳು ಮರಳಿ ಬರುತ್ತವೆ. ಯಾರಾದರೂ ಅಳಿಸಿದರೆ ಅಷ್ಟು ಸಾಲುಗಳು ನಮ್ಮ ಕಣ್ತಪ್ಪಿ ಹೋಗುತ್ತವೆ.

ಪುಸ್ತಕ ಓದುವವರು ಪುಟಗಳನ್ನು ಮೊದಲಿನಿಂದ ಎಣಿಸುತ್ತಾರೆಯೆ? ಗುರುತಿಟ್ಟಲ್ಲಿಂದ ಮುಂದುವರಿಯುತ್ತಾರೆ. ಅದೇ ಎರಡನೆಯ ಉಪಾಯ: ಕೊನೆಗೆ ಕಂಡ ಸಾಲಿನ ಗುರುತನ್ನು ಹೇಳಿ, ಅದರ ಮುಂದಿನವನ್ನು ಕೇಳುವುದು. ಐನ್ಯಾಚುರಲಿಸ್ಟ್‌ನಿಂದ ಪ್ರೋಗ್ರಾಂ ಮೂಲಕ ಮಾಹಿತಿ ಪಡೆಯುವಾಗ ಪುಟಸಂಖ್ಯೆಯಿಂದ 10,000 ದಾಖಲೆಗಳವರೆಗೆ ಮಾತ್ರ ಹೋಗಬಹುದು. ಅದರಾಚೆಗೆ `id_above` ಅಥವಾ `id_below` ಎಂದು ದಾಖಲೆಯ ಕ್ರಮಸಂಖ್ಯೆಯನ್ನೇ ಕೊಡಬೇಕು.

ಆದರೆ ಕ್ರಮಸಂಖ್ಯೆ ದಾಖಲೆ ಸೇರಿಸಿದ ಕ್ರಮದ್ದು, ಕಂಡ ದಿನದ್ದಲ್ಲ. 1990ರ ಚಿತ್ರವನ್ನು ಇಂದು ಸೇರಿಸಿದರೂ ಅದಕ್ಕೆ ಹೊಸ ಸಂಖ್ಯೆಯೇ. ದಿನಾಂಕದ ಕ್ರಮದಲ್ಲಿ ಪಟ್ಟಿ ಬೇಕಾದಾಗ ದಿನಾಂಕವನ್ನಷ್ಟೇ ಗುರುತಾಗಿ ಇಟ್ಟರೆ ಸಾಲದು. ಒಂದೇ ದಿನ 30 ಚಿತ್ರಗಳಿದ್ದು, ಪುಟ ಇಪ್ಪತ್ತನೆಯದಕ್ಕೆ ಮುಗಿದರೆ, ‘ಆ ದಿನಕ್ಕಿಂತ ಹಿಂದಿನವು’ ಎಂದು ಕೇಳಿದಾಗ ಉಳಿದ 10 ಮಾಯವಾಗುತ್ತವೆ. ಬಹುಮಂದಿ ಎಡವುವುದು ಇಲ್ಲಿಯೇ. ದಿನಾಂಕದೊಡನೆ ಕ್ರಮಸಂಖ್ಯೆಯನ್ನೂ ಜೋಡಿಸಬೇಕು:

```sql
SELECT id, observed_on, species
FROM observations
WHERE (observed_on, id) < ('2024-03-10', 48215)
ORDER BY observed_on DESC, id DESC
LIMIT 20;
```

ಇದೇ ಎರಡು ಅಂಕಣಗಳ ಮೇಲೆ, ಇದೇ ಅನುಕ್ರಮದಲ್ಲಿ ಸೂಚಿಯೊಂದನ್ನು ಮೊದಲೇ ಕಟ್ಟಿರಬೇಕು. ಆಗ ಗಣಕವು ನಿಘಂಟಿನಲ್ಲಿ ಪದ ಹುಡುಕುವವರಂತೆ ನೇರವಾಗಿ ಆ ಸ್ಥಳಕ್ಕೆ ಹೋಗಿ 20 ಸಾಲು ಓದಿ ನಿಲ್ಲುತ್ತದೆ. ಎಷ್ಟನೆಯ ಪುಟವಾದರೂ ಶ್ರಮ ಹೆಚ್ಚುಕಡಿಮೆ ಒಂದೇ. ಸೂಚಿಯಿಲ್ಲದಿದ್ದರೆ ಈ ಉಪಾಯವೂ ಕೋಷ್ಟಕವನ್ನೆಲ್ಲ ಜಾಲಾಡಿಸೀತು. ಗುರುತಿನ ಸಾಲನ್ನೇ ಯಾರಾದರೂ ಅಳಿಸಿದರೂ ತೊಂದರೆಯಿಲ್ಲ, ಏಕೆಂದರೆ ಹೋಲಿಸುವುದು ಬೆಲೆಯನ್ನು, ಸಾಲನ್ನಲ್ಲ.

ಕಳೆದುಕೊಳ್ಳುವುದೂ ಉಂಟು. ‘500ನೆಯ ಪುಟಕ್ಕೆ ಹೋಗು’ ಎಂಬ ಸೌಕರ್ಯ ಇಲ್ಲಿರದು. ‘ಮುಂದೆ’, ‘ಹಿಂದೆ’ ಮಾತ್ರ. ಹಿಂದಕ್ಕೆ ಹೋಗಲು ಪುಟದ ಮೊದಲ ಸಾಲನ್ನು ಗುರುತಾಗಿಟ್ಟು, ಹೋಲಿಕೆಯ ಚಿಹ್ನೆಯನ್ನೂ ಕ್ರಮವನ್ನೂ ತಿರುಗಿಸಿ ಕೇಳಿ, ಬಂದ ಸಾಲುಗಳನ್ನು ಮತ್ತೆ ತಿರುವಿ ತೋರಿಸಬೇಕು.