ಆರಿದ ಕಲೆ, ಹಸಿಯ ಸಾಕ್ಷ್ಯ

ಬಸರಾಳಿನ ಗದ್ದೆಬದುವೊಂದರಲ್ಲಿ, ನೀರು ಹಾಯಿಸಿದ ಹಸಿಮಣ್ಣಿನ ಮೇಲೆ, ರಕ್ತದ ಕಲೆಯುಳ್ಳ ಪಂಚೆಯೊಂದು ದೊರೆಯಿತೆಂದು ಭಾವಿಸೋಣ. ಅದು ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯವನ್ನು ಸೇರುವುದಕ್ಕೆ ಮೊದಲೇ ಅದರ ಸಾಕ್ಷ್ಯಬಲದ ಬಹುಭಾಗವು ನಿರ್ಣಯವಾಗಿಬಿಟ್ಟಿರುತ್ತದೆ. ಏಕೆಂದರೆ ಮಹಜರು ನಡೆಸಿದವರು ಅದನ್ನು ನೆರಳಿನಲ್ಲಿ ಆರಿಸಿ ಕಾಗದದ ಲಕೋಟೆಯಲ್ಲಿಟ್ಟು ಮೊಹರು ಮಾಡಿದರೋ, ಹಸಿಯಾಗಿದ್ದಂತೆಯೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೋ ಎಂಬ ಅಲ್ಪಸಂಗತಿಯನ್ನು ಮುಂದೆ ಯಾವ ಯಂತ್ರವೂ ತಿದ್ದಲಾರದು.

ಪ್ರಯೋಗಾಲಯವು ನೋಡುವುದು ನಮ್ಮ ಡಿಎನ್‌ಎ ಎಳೆಯ ಸಮಗ್ರ ಬರಹವನ್ನಲ್ಲ. ನಾಲ್ಕೈದು ಅಕ್ಷರಗಳ ಒಂದು ತುಣುಕು ಮತ್ತೆ ಮತ್ತೆ ಆವರ್ತಿಸುವ ಸುಮಾರು ಇಪ್ಪತ್ತು ಸ್ಥಾನಗಳನ್ನು ಆಯ್ದುಕೊಂಡು, ಒಂದೊಂದರಲ್ಲಿಯೂ ತಂದೆಯಿಂದ ಬಂದ ಪ್ರತಿಯಲ್ಲಿ ಆ ಆವೃತ್ತಿ ಎಷ್ಟು, ತಾಯಿಯಿಂದ ಬಂದ ಪ್ರತಿಯಲ್ಲಿ ಎಷ್ಟು ಎಂದು ಎಣಿಸುತ್ತಾರೆ. ಪಿಸಿಆರ್ ಎಂಬ ವಿಧಾನದಿಂದ ಆ ಭಾಗಗಳನ್ನು ಕೋಟಿಗಟ್ಟಲೆ ಪ್ರತಿಮಾಡುವುದರಿಂದ ಕೆಲವೇ ಕೋಶಗಳುಳ್ಳ ಕಲೆಯೂ ಸಾಲುತ್ತದೆ. ಒಂದು ಸ್ಥಾನದ ಸಂಖ್ಯೆಗಳು ಎಷ್ಟೋ ಜನರಿಗೆ ಸಮಾನವಾಗಿರಬಹುದು. ಎಲ್ಲ ಸ್ಥಾನಗಳೂ ಒಟ್ಟಿಗೆ ಹೊಂದುವ ಸಂಭವವಾದರೋ, ತದ್ರೂಪಿ ಅವಳಿಗಳನ್ನು ಬಿಟ್ಟರೆ, ಭೂಮಿಯ ಜನಸಂಖ್ಯೆಯ ಮುಂದೆಯೂ ನಗಣ್ಯವಾದದ್ದು. ಈ ವಿದ್ಯೆಯ ಬಲವೆಲ್ಲ ಇಲ್ಲಿದೆ.

ಆ ಬಲವು ಒಣಗಿದ ಬಟ್ಟೆಯಲ್ಲಿ ಎಷ್ಟು ಕಾಲ ಉಳಿಯಬಲ್ಲದೆಂಬುದಕ್ಕೆ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣನವರ ಪ್ರಕರಣ ನಿದರ್ಶನವಾಗಿದೆ. 2021ರಲ್ಲಿ ನಡೆದ ಅತ್ಯಾಚಾರದ ಆರೋಪಕ್ಕೆ ಸಂಬಂಧಿಸಿ 2024ರಲ್ಲಿ ವಶಪಡಿಸಿಕೊಂಡ ಸೀರೆಯ ಮೇಲೆ ಅವರ ಡಿಎನ್‌ಎ ಗುರುತಿಸಲ್ಪಟ್ಟಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಸಂತ್ರಸ್ತೆಯ ಹೇಳಿಕೆ ಮತ್ತು ಇತರ ಸಾಕ್ಷ್ಯಗಳೊಡನೆ ಅದನ್ನು ಕೂಡಿಸಿ ನೋಡಿ ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪಿನ ವಿರುದ್ಧ ಅವರು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾರೆ.

ಇದಕ್ಕೆ ವಿಪರೀತವಾದದ್ದು 2012ರ ಅಕ್ಟೋಬರ್‌ನಲ್ಲಿ ಧರ್ಮಸ್ಥಳದ ಬಳಿ ನಡೆದ ವಿದ್ಯಾರ್ಥಿನಿಯೊಬ್ಬಳ ಅತ್ಯಾಚಾರ ಮತ್ತು ಕೊಲೆಯ ಪ್ರಕರಣ. ಆಕೆಯ ಶರೀರದಿಂದ ಹತ್ತಿಯಲ್ಲಿ ತೆಗೆದ ದ್ರವದ ಮಾದರಿಯನ್ನು ಸರಿಯಾಗಿ ಆರಿಸದೆ ಕಟ್ಟಿದ್ದರಿಂದ ಅದರ ಮೇಲೆ ಬೂಷ್ಟು ಬೆಳೆದಿತ್ತು. ಆರೋಪಿಯಾಗಿದ್ದವನನ್ನು ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯವು 2023ರ ಜೂನ್‌ನಲ್ಲಿ ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಬೂಷ್ಟೂ ಬ್ಯಾಕ್ಟೀರಿಯಾಗಳೂ ತಮ್ಮ ಕಿಣ್ವಗಳಿಂದ ಡಿಎನ್‌ಎ ಎಳೆಯನ್ನು ಕತ್ತರಿಸುತ್ತವೆ. ಉದ್ದದ ತುಣುಕುಗಳು ಮೊದಲು ನಾಶವಾಗಿ ಗಿಡ್ಡವು ಕೆಲಕಾಲ ಉಳಿಯುವುದರಿಂದ, ಯಂತ್ರವು ಬರೆದುಕೊಡುವ ರೇಖಾಪಟದಲ್ಲಿ ಶಿಖರಗಳು ಎಡದಿಂದ ಬಲಕ್ಕೆ ಇಳಿಜಾರಾಗುತ್ತ ಕಡೆಗೆ ಇಲ್ಲವಾಗುತ್ತವೆ, ಮತ್ತು ಆ ಇಳಿಜಾರನ್ನು ಕಂಡೊಡನೆ ಮಾದರಿ ಹಾಳಾಗಿದೆಯೆಂದು ಪರಿಣತರು ತಿಳಿಯುತ್ತಾರೆ. ಇಂಥ ಮಾದರಿ ಅಪರಾಧಿಯನ್ನು ತೋರಿಸಲಾರದಷ್ಟೇ ಅಲ್ಲ, ನಿರಪರಾಧಿಯನ್ನು ಬಿಡಿಸಲೂ ಆರದು.

ಎರಡನೆಯ ದೋಷವು ಇದಕ್ಕಿಂತ ಕಪಟವಾದದ್ದು; ಇಲ್ಲಿ ರೇಖಾಪಟ ಸ್ವಚ್ಛವಾಗಿಯೇ ಬರುತ್ತದೆ, ಆದರೆ ಅದು ಬೇರೊಬ್ಬರದಾಗಿರುತ್ತದೆ. ಜರ್ಮನಿಯ ಪೊಲೀಸರು ಹತ್ತಾರು ಅಪರಾಧಸ್ಥಳಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಕಂಡು ಅವಳನ್ನು ವರ್ಷಗಟ್ಟಲೆ ಅರಸಿದರು. ಅದು ಮಾದರಿ ತೆಗೆಯುವ ಹತ್ತಿಕಡ್ಡಿಗಳ ತಯಾರಿಕೆಯಲ್ಲಿ ತೊಡಗಿದ್ದ ಕೆಲಸಗಾರ್ತಿಯೊಬ್ಬಳದೆಂದು 2009ರಲ್ಲಿ ತಿಳಿಯಿತು. ಆದಕಾರಣವೇ ಏನನ್ನೂ ಸೋಕಿಸದ ಖಾಲಿ ಕಡ್ಡಿಯೊಂದನ್ನೂ ಜೊತೆಯಲ್ಲಿ ಪರೀಕ್ಷಿಸುವುದು, ಮಾದರಿಯನ್ನು ಮುಟ್ಟಿದವರ ಡಿಎನ್‌ಎಯನ್ನು ಹೋಲಿಸಿ ನೋಡುವುದು ಅವಶ್ಯಕ. ಮಾದರಿ ಯಾರ ಕೈಯಿಂದ ಯಾರ ಕೈಗೆ, ಯಾವಾಗ ಹೋಯಿತೆಂಬ ದಾಖಲೆಯೂ ಅಷ್ಟೇ ಮುಖ್ಯವಾದದ್ದು. ತಮಿಳುನಾಡಿನ ಪ್ರಕರಣವೊಂದರಲ್ಲಿ ಮರಣದಂಡನೆಗೆ ಗುರಿಯಾಗಿದ್ದವನನ್ನು 2025ರ ಜುಲೈನಲ್ಲಿ ಬಿಡುಗಡೆ ಮಾಡಿದ ಸುಪ್ರೀಂ ಕೋರ್ಟು, ಮಾದರಿಗಳು 48 ಗಂಟೆಗಳೊಳಗೆ ಪ್ರಯೋಗಾಲಯವನ್ನು ತಲುಪತಕ್ಕದ್ದೆಂದೂ, ಅವು ಸಾಗಿದ ದಾರಿಯನ್ನು ದಾಖಲೆಯಲ್ಲಿ ಬರೆದಿಡತಕ್ಕದ್ದೆಂದೂ ದೇಶಕ್ಕೆಲ್ಲ ಅನ್ವಯಿಸುವಂತೆ ವಿಧಿಸಿತು.

ಮಾದರಿ ಕೆಡದೆ, ಬೆರಕೆಯಾಗದೆ, ಹೊಂದಾಣಿಕೆ ನಿರ್ವಿವಾದವಾಗಿದ್ದರೂ ಒಂದು ಮಿತಿ ಉಳಿದೇ ಇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಕೊಲೆಯಾದ ಒಬ್ಬನ ಉಗುರುಗಳಲ್ಲಿ ದೊರೆತ ಡಿಎನ್‌ಎ ಯಾರದಾಗಿತ್ತೋ ಅವನು ಆ ರಾತ್ರಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದನು. ಅವನನ್ನು ಉಪಚರಿಸಿದ ಆಂಬುಲೆನ್ಸ್ ಸಿಬ್ಬಂದಿಯೇ ಅನಂತರ ಕೊಲೆಯ ಸ್ಥಳಕ್ಕೂ ಹೋಗಿದ್ದರಿಂದ, ಅವನ ಕೋಶಗಳು ಅವರ ಮೂಲಕ ಅಲ್ಲಿಗೆ ಸಾಗಿದ್ದವು. ಹೊಂದಾಣಿಕೆ ಸುಳ್ಳಾಗಿರಲಿಲ್ಲ, ಸುಳ್ಳಾದದ್ದು ಅದರಿಂದ ಮಾಡಿದ ಅನುಮಾನ. ಕಲೆ ಯಾರದೆಂಬ ಪ್ರಶ್ನೆಗೆ ಡಿಎನ್‌ಎ ಉತ್ತರ ಹೇಳುತ್ತದೆ. ಎಂದು ಬಿದ್ದಿತು, ಹೇಗೆ ಬಿದ್ದಿತು, ಸಮ್ಮತಿಯಿತ್ತೇ ಎಂಬವಕ್ಕೆ ಉತ್ತರ ಹೇಳಬೇಕಾದವರು ಸಾಕ್ಷಿಗಳು, ಸನ್ನಿವೇಶಗಳು, ಮತ್ತು ಅವುಗಳನ್ನು ತೂಗುವ ನ್ಯಾಯಾಧೀಶರು.