ಒಂದು ಚದರ ಮೀಟರ್‌ಗೆ ಹತ್ತು ಸಾವಿರ ಎಲ್ಲಿಂದ ಬಂತು?

3 ಮೀಟರ್ ಅಗಲ, 4 ಮೀಟರ್ ಉದ್ದದ ಕೋಣೆಗೆ ಟೈಲ್ಸ್ ಹಾಕಿಸಬೇಕು ಅಂದುಕೊಳ್ಳಿ. ನೆಲದ ವಿಸ್ತೀರ್ಣ 12 ಚದರ ಮೀಟರ್. ಅಂಗಡಿಯಲ್ಲಿ ಇಷ್ಟವಾದ ಟೈಲ್ 60 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಅಂದರೆ 3,600 ಚದರ ಸೆಂಟಿಮೀಟರ್. ಎಷ್ಟು ಟೈಲ್ಸ್ ಬೇಕು? ಮೀಟರಿಗೆ ನೂರು ಸೆಂಟಿಮೀಟರ್ ತಾನೇ ಎಂದು 12ನ್ನು ನೂರರಿಂದ ಗುಣಿಸಿದರೆ ಸಿಗುವುದು 1,200. ಅದನ್ನು 3,600ರಿಂದ ಭಾಗಿಸಿದರೆ ಇಡೀ ಕೋಣೆಗೆ ಒಂದು ಟೈಲ್‌ನ ಮೂರನೇ ಒಂದು ಭಾಗ ಸಾಕು ಎಂದಾಗುತ್ತದೆ!

ನೂರು ಎನ್ನುವುದು ಉದ್ದದ ಲೆಕ್ಕ. ನೆಲಕ್ಕೆ ಉದ್ದವೂ ಇದೆ, ಅಗಲವೂ ಇದೆ. ತಪ್ಪಾಗಿರುವುದು ಇಲ್ಲೇ.

ನಂಬಿಕೆ ಬರಬೇಕಾದರೆ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆಯಿರಿ. ಅದರ ಕೆಳ ಅಂಚಿಗೆ ತಾಗಿಸಿ, ಒಂದು ಸೆಂಟಿಮೀಟರ್ ಬಿಟ್ಟು ಇನ್ನೊಂದು ಗೆರೆ ಎಳೆಯಿರಿ. ಈಗ ಸಿಕ್ಕಿದ್ದು ಒಂದು ಸೆಂಟಿಮೀಟರ್ ಅಗಲದ ಉದ್ದನೆಯ ಪಟ್ಟಿ. ಅದನ್ನು ಸೆಂಟಿಮೀಟರಿಗೊಂದರಂತೆ ಕತ್ತರಿಸಿದರೆ ನೂರು ಪುಟ್ಟ ಚೌಕಗಳಾಗುತ್ತವೆ. ಆ ನೂರು ಚೌಕಗಳು ತುಂಬಿಸಿದ್ದು ಬರೀ ಕೆಳಗಿನ ಒಂದು ಪಟ್ಟಿಯನ್ನು. ಅದರ ಮೇಲಿರುವ ಜಾಗವೆಲ್ಲ ಇನ್ನೂ ಖಾಲಿ. ತುದಿಯವರೆಗೆ ತುಂಬಲು ಅಂಥ ನೂರು ಪಟ್ಟಿಗಳು ಬೇಕು. ಪಟ್ಟಿಗೆ ನೂರರಂತೆ ನೂರು ಪಟ್ಟಿ, ಅಂದರೆ 10,000 ಚದರ ಸೆಂಟಿಮೀಟರ್. ಬಾಯಿಪಾಠ ಮಾಡಬೇಕಾದ ಸೂತ್ರವೇನೂ ಇಲ್ಲಿಲ್ಲ.

ಹಾಗಾದರೆ 100 ಚದರ ಸೆಂಟಿಮೀಟರ್ ಎಂದರೆ ಎಷ್ಟು ಜಾಗ? ಹತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲದ ತುಂಡು. ದೊಡ್ಡವರ ಅಂಗೈಯಿಂದ ಹೆಚ್ಚುಕಡಿಮೆ ಮುಚ್ಚಬಹುದು. ಅಷ್ಟನ್ನೇ ಒಂದು ಚದರ ಮೀಟರ್ ಎಂದು ಒಪ್ಪಲು ಕಣ್ಣು ಬಿಡುವುದಿಲ್ಲ.

ಗೊಂದಲಕ್ಕೆ ಬರವಣಿಗೆಯ ರೀತಿಯೂ ಒಂದು ಕಾರಣ ಎನ್ನಬೇಕು. cm² ಎಂದು ಬರೆದಾಗ ಆ ಪುಟ್ಟ 2 ಬರೀ m ಎಂಬ ಅಕ್ಷರಕ್ಕೆ ಸೇರಿದ್ದು ಎಂದು ಅನೇಕರು ಓದಿಕೊಳ್ಳುತ್ತಾರೆ. ಹಾಗಿದ್ದಿದ್ದರೆ ಅದು ಚದರ ಮೀಟರಿನ ನೂರನೇ ಒಂದು ಭಾಗವಾಗುತ್ತಿತ್ತು, ನೂರರ ಲೆಕ್ಕವೇ ಸರಿಯಾಗುತ್ತಿತ್ತು. ಆದರೆ ಅಂತರರಾಷ್ಟ್ರೀಯ ಮಾನ ಪದ್ಧತಿಯ ನಿಯಮದಂತೆ cm ಬಿಡಿಸಲಾಗದ ಒಂದೇ ಗುರುತು. ವರ್ಗ ಮಾಡುವಾಗ ಎರಡೂ ಅಕ್ಷರಗಳನ್ನು ಸೇರಿಸಿಯೇ ಮಾಡಬೇಕು.

ಕೋಣೆಗೆ ಮರಳೋಣ. 12 ಚದರ ಮೀಟರ್ ಎಂದರೆ 1,20,000 ಚದರ ಸೆಂಟಿಮೀಟರ್. 3,600ರಿಂದ ಭಾಗಿಸಿದರೆ 33.3, ಅಂದರೆ 34 ಟೈಲ್ಸ್ ಎನ್ನುತ್ತದೆ ಕಾಗದ. ಮೇಸ್ತ್ರಿ ಮಾತ್ರ 35 ಕೇಳುತ್ತಾರೆ, ಅವರ ಮಾತೇ ಸರಿ. ಮೂರು ಮೀಟರ್ ಅಗಲಕ್ಕೆ ಐದು ಟೈಲ್ಸ್ ಸರಿಯಾಗಿ ಕೂರುತ್ತವೆ. ನಾಲ್ಕು ಮೀಟರ್ ಉದ್ದಕ್ಕೆ ಆರು ಇಟ್ಟ ಮೇಲೆ 40 ಸೆಂಟಿಮೀಟರ್ ಉಳಿಯುತ್ತದೆ; ಅಲ್ಲಿಗೆ ಪ್ರತಿ ಸಾಲಿಗೂ ಒಂದು ಟೈಲ್ ಕತ್ತರಿಸಬೇಕು. ಸಾಲಿಗೆ ಏಳರಂತೆ ಐದು ಸಾಲಿಗೆ 35. ಕತ್ತರಿಸಿ ಮಿಕ್ಕ 20 ಸೆಂಟಿಮೀಟರ್ ಪಟ್ಟಿಗಳನ್ನು ಜೋಡಿಸಿದರೆ ಒಂದು ಉಳಿಯಬಹುದಾದರೂ, ನೆಲದಲ್ಲಿ ಆ ಜೋಡಣೆ ಎದ್ದು ಕಾಣುತ್ತದೆ. ಒಡೆಯುವ ಟೈಲ್ಸ್‌ಗೆಂದು ಕೆಲವು ಹೆಚ್ಚಿಗೆ ತರಿಸುವುದು ಬೇರೆಯೇ ಲೆಕ್ಕ.

ಅಡಿ, ಗಜಕ್ಕೂ ಇದೇ ನಿಯಮ. ನಮ್ಮ ಗುಂಟೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. ಗಜಕ್ಕೆ ಮೂರು ಅಡಿ ಎಂದು ಮೂರರಿಂದ ಭಾಗಿಸಿದರೆ ತಪ್ಪು, ಒಂಬತ್ತರಿಂದ ಭಾಗಿಸಬೇಕು. 121 ಚದರ ಗಜ ಬರುತ್ತದೆ. ಗುಂಟೆಯ ಬದಿ 11 ಗಜ, ಹನ್ನೊಂದು ಹನ್ನೊಂದಲೇ 121, ಲೆಕ್ಕ ತಾಳೆಯಾಯಿತು.

ಇನ್ನು ಸಂಪು. ಇಲ್ಲಿ ಆಳವೂ ಸೇರುವುದರಿಂದ ನೂರು ಮೂರು ಸಲ ಬರುತ್ತದೆ. ಮೊದಲಿನ ಚೌಕದ ಮೇಲೆ ಸೆಂಟಿಮೀಟರ್ ದಪ್ಪದ ಪದರ ಹರಡಿದರೆ 10,000 ಘನ ಸೆಂಟಿಮೀಟರ್. ಅಂಥ ನೂರು ಪದರ ಪೇರಿಸಿದರೆ ಒಂದು ಘನ ಮೀಟರ್, ಅಂದರೆ ಹತ್ತು ಲಕ್ಷ ಘನ ಸೆಂಟಿಮೀಟರ್. ಸಾವಿರ ಘನ ಸೆಂಟಿಮೀಟರಿಗೆ ಒಂದು ಲೀಟರ್, ಹಾಗಾಗಿ ಘನ ಮೀಟರಿಗೆ ಸಾವಿರ ಲೀಟರ್. ಒಳ ಅಳತೆಯಲ್ಲಿ 2 ಮೀಟರ್ ಉದ್ದ, ಒಂದೂವರೆ ಅಗಲ, ಒಂದೂವರೆ ಆಳದ ಸಂಪು 4.5 ಘನ ಮೀಟರ್, ಅಂದರೆ 4,500 ಲೀಟರ್. ಘನಕ್ಕೂ ಹತ್ತು ಸಾವಿರವನ್ನೇ ಬಳಸಿದವರಿಗೆ ಬರೀ 45 ಲೀಟರ್ ಸಿಗುತ್ತದೆ, ಅಂದರೆ ಎರಡು ಮೂರು ಬಕೆಟ್.

ಈ ಎಡವಟ್ಟು ತಪ್ಪಿಸಲು ಸುಲಭದ ದಾರಿ ಒಂದಿದೆ: ಗುಣಿಸಿದ ಮೇಲೆ ಮಾನ ಬದಲಿಸಲು ಹೋಗಬೇಡಿ. ಟೇಪು ಹಿಡಿದು ಅಳೆದ ಕೂಡಲೇ ಉದ್ದ, ಅಗಲ, ಆಳ ಮೂರನ್ನೂ ಒಂದೇ ಮಾನಕ್ಕೆ ತಂದು ಬರೆದುಕೊಳ್ಳಿ, ಆಮೇಲೆ ಗುಣಿಸಿ.